ಆಡಳಿತ ಸುಧಾರಣಾ ಆಯೋಗ ಮತ್ತು ಸಿಬ್ಬಂದಿ ವರದಿಯ ಗತಿ

1966ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಆಡಳಿತ ಸುಧಾರಣಾ ಆಯೋಗವನ್ನು ರಚಿಸಿತು. ಮರುವರ್ಷ ಅವರು ಉಪಪ್ರಧಾನಿಯಾದುದರಿಂದ ಆ ಸ್ಥಾನ ಮೈಸೂರಿನ ಮಾಜಿ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರಿಗೆ ಬಂದಿತು. 1970ರ ವೇಳೆಗೆ ಆಯೋಗ 20 ವರದಿಗಳನ್ನು ಒಪ್ಪಿಸಿತ್ತು. ಅವುಗಳಲ್ಲಿದ್ದ ಶಿಫಾರಸುಗಳು 537. ಇವುಗಳಲ್ಲಿ ಲೋಕಪಾಲದ ಕಥೆ ಎಲ್ಲರಿಗೂ ಪರಿಚಿತ. ನಾವಿಲ್ಲಿ ಅಷ್ಟಾಗಿ ಚರ್ಚೆಗೆ ಬಾರದ, 1969ರ ಸಿಬ್ಬಂದಿ ಆಡಳಿತದ ವರದಿಯನ್ನು ಮಾತ್ರ ಪರಿಶೀಲಿಸುತ್ತೇವೆ.

ಕೇಂದ್ರ ಸಚಿವಾಲಯದ ಹಿರಿಯ ಹುದ್ದೆಗಳು ಬಹುಮಟ್ಟಿಗೆ ಭಾರತೀಯ ಆಡಳಿತ ಸೇವೆಯವರ ಪಾಲಾಗಿದ್ದುವು. ಇಂದು ಕೃಷಿ, ನಾಳೆ ಕೈಗಾರಿಕೆ ಎಂಬಂತೆ ಅಧಿಕಾರಿಗಳು ವರ್ಗವಾಗುತ್ತಿದ್ದರು. ಆಯೋಗವು ಈ ಹುದ್ದೆಗಳನ್ನು ಹಣಕಾಸು, ಕೈಗಾರಿಕೆ, ಕೃಷಿ ಮತ್ತು ಗ್ರಾಮಾಭಿವೃದ್ಧಿ ಮುಂತಾದ 8 ಕ್ಷೇತ್ರಗಳಾಗಿ ವಿಂಗಡಿಸಬೇಕೆಂದು ಸೂಚಿಸಿತು. ಕೆಲವು ವರ್ಷ ಸೇವೆ ಸಲ್ಲಿಸಿದ ಯಾವುದೇ ಪ್ರಥಮ ದರ್ಜೆ ಸೇವೆಯ ಅಧಿಕಾರಿ, ಆತ ಎಂಜಿನಿಯರನಾಗಿರಲಿ ತೆರಿಗೆ ಅಧಿಕಾರಿಯಾಗಿರಲಿ, ಸೇವೆಯ ನಡುಘಟ್ಟದ ಪರೀಕ್ಷೆಯ ಮೂಲಕ ಈ ಕ್ಷೇತ್ರಗಳನ್ನು ಪ್ರವೇಶಿಸಬಹುದಾಗಿತ್ತು.

ಅದೇ ಆಯೋಗ ಸಿಬ್ಬಂದಿಗಾಗಿ ಪ್ರತ್ಯೇಕ ಇಲಾಖೆಯನ್ನೂ ಬಯಸಿತ್ತು. ಈ ಸಲಹೆ 1970ರ ಆಗಸ್ಟ್ ತಿಂಗಳಲ್ಲಿಯೇ ಕಾರ್ಯರೂಪಕ್ಕೆ ಬಂದಿತು. ಗೃಹ ಮಂತ್ರಾಲಯದಲ್ಲಿದ್ದ ಸೇವಾ ವಿಷಯಗಳು ಸಂಪುಟ ಸಚಿವಾಲಯಕ್ಕೆ, ಎಂದರೆ ಪ್ರಧಾನಿಯವರ ಹತ್ತಿರಕ್ಕೆ, ಸರಿದುವು. 8 ಕ್ಷೇತ್ರಗಳ ಯೋಜನೆ ಮಾತ್ರ ಆಯೋಗ ಬಯಸಿದ ರೂಪದಲ್ಲಿ ಜಾರಿಗೆ ಬರಲಿಲ್ಲ. ಮೊದಲನೆಯದರಿಂದ ಅಧಿಕಾರ ಹೆಚ್ಚುವವರು ಸರ್ಕಾರದ ಶಿಖರದಲ್ಲಿದ್ದರು. ಎರಡನೆಯದರಿಂದ ಬಡ್ತಿಯ ಅವಕಾಶ ಕಳೆದುಕೊಳ್ಳುವವರು ಕಡತಕ್ಕೆ ಟಿಪ್ಪಣಿ ಬರೆಯುವ ಸ್ಥಾನದಲ್ಲಿದ್ದರು. ಅದರಿಂದ ಲಾಭ ಪಡೆಯಬೇಕಾದ ಎಂಜಿನಿಯರ್, ವಿಜ್ಞಾನಿಗಳೋ ಹಲವು ಇಲಾಖೆಗಳಲ್ಲಿ ಚದುರಿಹೋಗಿದ್ದರು.

ಇದನ್ನು ಕೇವಲ ಅಧಿಕಾರಿಗಳ ಹಟವೆನ್ನುವುದು ಸರಿಯಲ್ಲ; ಆಯೋಗದ ರಚನೆಯಲ್ಲಿಯೇ ಒಂದು ಕೊರತೆಯಿತ್ತು. ಅದು ಶಾಸನದಿಂದಲ್ಲ, ಸರ್ಕಾರಿ ನಿರ್ಣಯದಿಂದ ಹುಟ್ಟಿದುದು. ವರದಿ ಒಪ್ಪಿಸಿದ ಮೇಲೆ ಅದನ್ನು ಬೆನ್ನಟ್ಟುವ ಹಕ್ಕು ಅದಕ್ಕಿರಲಿಲ್ಲ. ಹನುಮಂತಯ್ಯನವರೇ 1970ರಲ್ಲಿ ಕೇಂದ್ರ ಸಂಪುಟ ಸೇರಿದರು. ಇಬ್ಬರು ಅಧ್ಯಕ್ಷರೂ ಮಂತ್ರಿಗಳಾದರೂ ವರದಿಗೆ ಅದರಿಂದ ವಿಶೇಷ ಬಲ ಬರಲಿಲ್ಲವೆಂಬುದು ಗಮನಾರ್ಹ.

ಶಿಫಾರಸುಗಳ ಸಂಖ್ಯೆಯನ್ನೆಣಿಸಿ ಸಾಫಲ್ಯವನ್ನು ಅಳೆಯುವ ಸಂಶೋಧಕರು ಇಲ್ಲಿ ಎಚ್ಚರ ವಹಿಸಬೇಕು. ಇಲಾಖೆಯೊಂದರ ಸ್ಥಾಪನೆ ಒಂದು ಶಿಫಾರಸು. ನೇಮಕದ ಇಡೀ ಕ್ರಮವನ್ನೇ ಬದಲಿಸುವುದೂ ಪಟ್ಟಿಯಲ್ಲಿ ಬೆರಳೆಣಿಕೆಯ ಸಾಲುಗಳಷ್ಟೆ. 'ಅಂಗೀಕೃತ' ಎಂಬ ಷರಾ ಕಂಡಲ್ಲಿ ನೇಮಕದ ನಿಯಮಗಳು ತಿದ್ದುಪಡಿಯಾದುವೇ ಎಂದು ನೋಡುವುದು ಹೆಚ್ಚು ವಿಶ್ವಾಸಾರ್ಹ.

ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯಲ್ಲಿ 2005ರಲ್ಲಿ ರಚಿತವಾದ ಎರಡನೆಯ ಆಯೋಗವು ತನ್ನ 2008ರ ವರದಿಯಲ್ಲಿ ಕ್ಷೇತ್ರ ಪರಿಣತಿಯ ಪ್ರಶ್ನೆಯನ್ನು ಪುನಃ ಎತ್ತಬೇಕಾಯಿತು. 2018ರಲ್ಲಿ 10 ಜಂಟಿ ಕಾರ್ಯದರ್ಶಿ ಹುದ್ದೆಗಳಿಗೆ ಹೊರಗಿನ ಪರಿಣತರಿಂದ ಅರ್ಜಿ ಕರೆಯಲಾಯಿತು. 2024ರ ಆಗಸ್ಟ್‌ನಲ್ಲಿ 45 ಹುದ್ದೆಗಳಿಗೆ ಹೊರಡಿಸಿದ ಅಂಥದೇ ಪ್ರಕಟಣೆಯನ್ನು, ಮೀಸಲಾತಿ ಇಲ್ಲವೆಂಬ ಆಕ್ಷೇಪ ಬಂದಾಗ, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಳ್ಳಲಾಯಿತು.