ಎಷ್ಟು ಇನಿಂಗ್ಸ್ ಆದಮೇಲೆ ಅಂಕಿಅಂಶವನ್ನು ನಂಬಬಹುದು?

2014ರ ಡಿಸೆಂಬರ್‌ನಲ್ಲಿ ಕೆ.ಎಲ್. ರಾಹುಲ್ ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಗಳಿಸಿದ್ದು 3 ಮತ್ತು 1. ಸುರತ್ಕಲ್‌ನ ಎನ್‌ಐಟಿಕೆ ಕ್ಯಾಂಪಸ್‌ನಲ್ಲಿ ಬೆಳೆದ ಈ ಹುಡುಗನಿಗೆ ಟೆಸ್ಟ್ ಆಗಿಬರುವುದಿಲ್ಲ ಎಂದು ಯಾರಾದರೂ ಅಂದೇ ತೀರ್ಪು ಕೊಟ್ಟಿದ್ದರೆ, ಮುಂದಿನ ಟೆಸ್ಟ್‌ನಲ್ಲೇ ಅದು ಸುಳ್ಳಾಗುತ್ತಿತ್ತು. ಸಿಡ್ನಿಯಲ್ಲಿ ಅವರು 110 ಹೊಡೆದರು.

ಎರಡು ಇನಿಂಗ್ಸ್ ನೋಡಿ ತೀರ್ಪು ಕೊಡಬಾರದು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಹತ್ತಾದರೆ? ಹದಿನಾಲ್ಕಾದರೆ? ಅಂಕಿಯಲ್ಲಿ ಅದೃಷ್ಟದ ಪಾಲು ಎಷ್ಟು, ಸಾಮರ್ಥ್ಯದ ಪಾಲು ಎಷ್ಟು ಎಂದು ಅಳೆಯಲು ನೂರು ವರ್ಷಕ್ಕೂ ಹಳೆಯ ಒಂದು ಸರಳ ದಾರಿ ಇದೆ. ಅದರ ಹೆಸರು ಸ್ಪ್ಲಿಟ್-ಹಾಫ್. ಅಂದರೆ ಇರುವ ಲೆಕ್ಕವನ್ನೇ ಎರಡು ಪಾಲು ಮಾಡಿ, ಒಂದು ಪಾಲು ಹೇಳಿದ್ದನ್ನೇ ಇನ್ನೊಂದೂ ಹೇಳುತ್ತದಾ ಎಂದು ನೋಡುವುದು.

ಒಂದೇ ಸೀಸನ್, ಇಬ್ಬರು ರಾಹುಲ್

2020ರ ಐಪಿಎಲ್ ತೆಗೆದುಕೊಳ್ಳಿ. ಪಂಜಾಬ್ ನಾಯಕರಾಗಿದ್ದ ರಾಹುಲ್ 14 ಪಂದ್ಯಗಳಲ್ಲಿ 670 ರನ್ ಗಳಿಸಿ ಆರೆಂಜ್ ಕ್ಯಾಪ್ ಗೆದ್ದರು. ಕ್ರಮವಾಗಿ ಅವರ ಸ್ಕೋರ್ ಹೀಗಿತ್ತು: 21, 132, 69, 17, 63, 11, 74, 61, 77, 15, 27, 28, 46, 29.

ಈಗ ಬೆಸ ಸಂಖ್ಯೆಯ ಪಂದ್ಯಗಳನ್ನು (1, 3, 5...) ಒಂದು ಕಡೆ, ಸಮ ಸಂಖ್ಯೆಯವನ್ನು ಇನ್ನೊಂದು ಕಡೆ ಇಡಿ. ಬೆಸ ಪಂದ್ಯಗಳ ಮೊತ್ತ 377, ಅಂದರೆ ಇನಿಂಗ್ಸ್‌ಗೆ ಸುಮಾರು 54. ಸಮ ಪಂದ್ಯಗಳದ್ದು 293, ಇನಿಂಗ್ಸ್‌ಗೆ ಸುಮಾರು 42. ಅದೇ ಮನುಷ್ಯ, ಅದೇ ಸೀಸನ್, ಆದರೂ 12 ರನ್ ವ್ಯತ್ಯಾಸ. ಸಮ ಪಂದ್ಯಗಳಿಂದ ಆ 132 ಒಂದನ್ನು ತೆಗೆದರೆ ಉಳಿದ ಆರರ ಸರಾಸರಿ 27ಕ್ಕೆ ಇಳಿಯುತ್ತದೆ.

ಬೆಸ ದಿನಗಳಲ್ಲಿ ಚೆನ್ನಾಗಿ ಆಡುವ ಗುಣ ಯಾರಿಗೂ ಇರುವುದಿಲ್ಲ ಅಲ್ವಾ? ಹಾಗಾಗಿ ಈ 12 ರನ್ ವ್ಯತ್ಯಾಸ ಹೆಚ್ಚುಕಡಿಮೆ ಪೂರ್ತಿ ಅದೃಷ್ಟದ್ದೇ: ಎಡ್ಜ್ ಆದ ಚೆಂಡು ಫೀಲ್ಡರ್ ಕೈಗೆ ಹೋಯಿತೋ ಪಕ್ಕದಿಂದ ಹೋಯಿತೋ, ಕ್ಯಾಚ್ ಬಿಟ್ಟರೋ ಹಿಡಿದರೋ ಎಂಬಂಥದ್ದು. ಇಬ್ಬರು ಆಟಗಾರರ ನಡುವೆ ಒಂದು ಸೀಸನ್‌ನಲ್ಲಿ ಹತ್ತು ರನ್ ಅಂತರ ಕಂಡು ‘ಇವನೇ ಮೇಲು’ ಎನ್ನುವ ಮೊದಲು ಇದು ನೆನಪಿರಲಿ.

ಪಾಲು ಮಾಡುವಾಗ ಮೊದಲ ಏಳು, ಕೊನೆಯ ಏಳು ಎಂದು ಯಾಕೆ ಕತ್ತರಿಸಬಾರದು? ಹಾಗೆ ಮಾಡಿದರೆ ರಾಹುಲ್ ಲೆಕ್ಕ 387 ಮತ್ತು 283 ಆಗುತ್ತದೆ. ಆದರೆ ಸೀಸನ್ ಮುಂದುವರಿದಂತೆ ಪಿಚ್ ಸವೆಯುತ್ತದೆ, ಆಟಗಾರ ದಣಿಯುತ್ತಾನೆ. ಆ ನಿಜವಾದ ಬದಲಾವಣೆಯೂ ಅದೃಷ್ಟದ ಲೆಕ್ಕಕ್ಕೆ ಸೇರಿಬಿಡುತ್ತದೆ. ಬೆಸ-ಸಮ ಮಾಡಿದಾಗ ಅಂಥದ್ದು ಎರಡೂ ಪಾಲಿಗೆ ಸರಿಸಮನಾಗಿ ಹಂಚಿಹೋಗುತ್ತದೆ.

ಒಬ್ಬರ ಲೆಕ್ಕ ಸಾಲದು

ಒಬ್ಬ ಆಟಗಾರನಿಂದ ಅದೃಷ್ಟದ ಗಾತ್ರದ ಅಂದಾಜು ಸಿಗುತ್ತದೆ ಅಷ್ಟೇ. ಆ ಅಂಕಿ ಆಟಗಾರರನ್ನು ಒಬ್ಬರಿಂದ ಒಬ್ಬರನ್ನು ಬೇರ್ಪಡಿಸುತ್ತದೆಯೇ ಎಂದು ತಿಳಿಯಲು ಹಲವರು ಬೇಕು. ಪ್ರತಿಯೊಬ್ಬರ ಲೆಕ್ಕವನ್ನೂ ಇದೇ ರೀತಿ ಎರಡು ಪಾಲು ಮಾಡಿ, ಬೆಸ ಪಾಲಿನಲ್ಲಿ ಮೇಲಿದ್ದವರು ಸಮ ಪಾಲಿನಲ್ಲೂ ಮೇಲಿದ್ದಾರಾ ಎಂದು ನೋಡಬೇಕು. ಇದನ್ನು ಅಳೆಯುವುದು ಸಹಸಂಬಂಧ. ಎರಡು ಪಾಲು ಪೂರ್ತಿ ಹೊಂದಿದರೆ 1, ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ 0.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ತಲಾ 14 ಇನಿಂಗ್ಸ್ ಆಡಿದ 40 ಬ್ಯಾಟರ್‌ಗಳಿದ್ದಾರೆ, ಎರಡು ಪಾಲುಗಳ ಸಹಸಂಬಂಧ 0.22 ಬಂತು ಎಂದಿಟ್ಟುಕೊಳ್ಳಿ. ಇದು ಏಳು ಇನಿಂಗ್ಸ್‌ನ ಅಂಕಿಯ ವಿಶ್ವಾಸಾರ್ಹತೆ. ನಮಗೆ ಬೇಕಿರುವುದು ಹದಿನಾಲ್ಕರದ್ದು. ಅದಕ್ಕೆ 1910ರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಮತ್ತು ವಿಲಿಯಂ ಬ್ರೌನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಬೇರೆಬೇರೆಯಾಗಿ ಪ್ರಕಟಿಸಿದ ಸೂತ್ರವಿದೆ. ಅರ್ಧದ ಸಹಸಂಬಂಧ h ಆದರೆ ಪೂರ್ತಿಯದ್ದು:

```
r = 2h / (1 + h)
```

0.44 ಅನ್ನು 1.22ರಿಂದ ಭಾಗಿಸಿದರೆ 0.36. ಅಂದರೆ ಒಂದು ಸೀಸನ್‌ನಲ್ಲಿ ಆಟಗಾರರ ನಡುವೆ ಕಾಣುವ ಏರುಪೇರಿನಲ್ಲಿ ಸುಮಾರು ಮೂರನೇ ಒಂದು ಭಾಗ ಸಾಮರ್ಥ್ಯ, ಉಳಿದದ್ದು ಅದೃಷ್ಟ.

ಎರಡೂ ಅರ್ಧರ್ಧ ಆಗಲು, ಅಂದರೆ r 0.5 ಮುಟ್ಟಲು, ಎಷ್ಟು ಇನಿಂಗ್ಸ್ ಬೇಕು? 14 × (1 − 0.36) / 0.36, ಸುಮಾರು 25. 0.7 ಬೇಕಾದರೆ ಸುಮಾರು 58. ಈ 0.5, 0.7 ಎಂಬ ಗೆರೆಗಳು ನಾವೇ ಹಾಕಿಕೊಂಡವು. 24ನೇ ಇನಿಂಗ್ಸ್‌ವರೆಗೆ ಅದೃಷ್ಟ, 26ರಿಂದ ಪ್ರತಿಭೆ ಎಂದೇನೂ ಇಲ್ಲ ಮಾರಾಯ್ರೆ. ನಂಬಿಕೆ ನಿಧಾನಕ್ಕೆ ಏರುತ್ತಾ ಹೋಗುತ್ತದೆ.

ಹಾಗಾದರೆ ರಾಹುಲ್ ರನ್ ಬರೀ ಅದೃಷ್ಟವೇ?

ಅಲ್ಲ. ಆದರೆ ಅದನ್ನು ಹೇಳುವುದು 2020ರ ಆರೆಂಜ್ ಕ್ಯಾಪ್ ಅಲ್ಲ. 2018ರಲ್ಲಿ 659, 2019ರಲ್ಲಿ 593, 2020ರಲ್ಲಿ 670, 2021ರಲ್ಲಿ 626: ನಾಲ್ಕು ಸೀಸನ್, 55 ಇನಿಂಗ್ಸ್, 2548 ರನ್. ಇನಿಂಗ್ಸ್‌ಗೆ 46ರ ಆಸುಪಾಸು. ಮೇಲಿನ ಲೆಕ್ಕದ ಪ್ರಕಾರ 55 ಇನಿಂಗ್ಸ್‌ಗೆ ವಿಶ್ವಾಸಾರ್ಹತೆ 0.69. ಇಷ್ಟು ಕಾಲ ಅದೃಷ್ಟವೊಂದೇ ಕೈಹಿಡಿಯುವುದು ಬಹಳ ಕಷ್ಟ.

ಎಲ್ಲ ಅಂಕಿಗಳೂ ಇಷ್ಟು ನಿಧಾನವಾಗಿ ಪಕ್ವವಾಗುವುದಿಲ್ಲ. 2020ರಲ್ಲಿ ರಾಹುಲ್ 670 ರನ್‌ಗೆ ಎದುರಿಸಿದ್ದು 518 ಎಸೆತ. ರನ್ ಸರಾಸರಿಗೆ ಸಿಕ್ಕಿದ್ದು 14 ಅವಕಾಶವಾದರೆ, ಸ್ಟ್ರೈಕ್ ರೇಟ್‌ಗೆ ಸಿಕ್ಕಿದ್ದು 518. ಹಾಗಾಗಿ ಸ್ಟ್ರೈಕ್ ರೇಟ್ ಸಾಮಾನ್ಯವಾಗಿ ಬೇಗ ನೆಲೆ ನಿಲ್ಲುತ್ತದೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ರಾಹುಲ್ ಸ್ಟ್ರೈಕ್ ರೇಟ್ 2018ರಲ್ಲಿ 158, ಅವರು ನಾಯಕರಾದ 2020ರಲ್ಲಿ 129. ನೂರಾರು ಎಸೆತಗಳ ಮೇಲೆ ನಿಂತ ಇಷ್ಟು ದೊಡ್ಡ ಇಳಿತವನ್ನು ಅದೃಷ್ಟದ ಲೆಕ್ಕಕ್ಕೆ ಮಾತ್ರ ಹಾಕಲು ಆಗುವುದಿಲ್ಲ. ಆಡುವ ರೀತಿಯೇ ಬದಲಾಗಿತ್ತು. ಅಂಕಿ ವಿಶ್ವಾಸಾರ್ಹವಾಗಿದ್ದರೂ ಅದು ಅಳೆದ ವಸ್ತುವೇ ಬದಲಾಗಬಹುದು. ಇನಿಂಗ್ಸ್ ಹೆಚ್ಚಲಿ ಎಂದು ವರ್ಷಗಟ್ಟಲೆ ಹಿಂದಕ್ಕೆ ಹೋದಷ್ಟೂ ಈ ಅಪಾಯ ಜಾಸ್ತಿ.

ಇನ್ನೊಂದು ಬಲೆ: ಓಪನರ್‌ಗಳನ್ನೂ ಏಳನೇ ಕ್ರಮಾಂಕದವರನ್ನೂ ಒಂದೇ ಪಟ್ಟಿಗೆ ಹಾಕಿದರೆ ಸಹಸಂಬಂಧ ಸುಮ್ಮನೆ ಏರುತ್ತದೆ. ಓಪನರ್‌ಗೆ ಎರಡೂ ಪಾಲಿನಲ್ಲಿ ಹೆಚ್ಚು ಎಸೆತ ಸಿಗುತ್ತದೆ, ಅಷ್ಟೇ. ಅದು ಸಾಮರ್ಥ್ಯವಲ್ಲ, ಜಾಗ. ಓಪನರ್‌ಗಳನ್ನು ಓಪನರ್‌ಗಳ ಜೊತೆಗೇ ಹೋಲಿಸಬೇಕು.

ಹತ್ತು ಪಂದ್ಯದ ತೀರ್ಪು

ಇದರ ಬಿಸಿ ತಟ್ಟುವುದು ಸ್ಟಾರ್‌ಗಳಿಗಲ್ಲ. ಮಹಾರಾಜ ಟ್ರೋಫಿಯಲ್ಲಿ ಮಂಗಳೂರು ಡ್ರ್ಯಾಗನ್ಸ್ ಸೇರಿ ಆರು ತಂಡಗಳು, ಲೀಗ್ ಹಂತದಲ್ಲಿ ತಲಾ 10 ಪಂದ್ಯ. ಎಲ್ಲ ಹತ್ತರಲ್ಲೂ ಬ್ಯಾಟ್ ಸಿಕ್ಕರೂ ನಮ್ಮ ಕಾಲ್ಪನಿಕ ಲೆಕ್ಕದ ಪ್ರಕಾರ ವಿಶ್ವಾಸಾರ್ಹತೆ 0.29. ಆ ಹತ್ತು ಇನಿಂಗ್ಸ್‌ನಲ್ಲಿ ಎಡವಿದ ಹುಡುಗ ಮುಂದಿನ ವರ್ಷ ಬೆಂಚ್ ಮೇಲೆ ಕೂತರೆ ಅವನ ಲೆಕ್ಕ ಯಾವತ್ತೂ 25 ಮುಟ್ಟುವುದೇ ಇಲ್ಲ. ಅದೃಷ್ಟ ಒಲಿದವನಿಗೆ ಇನ್ನಷ್ಟು ಇನಿಂಗ್ಸ್ ಸಿಗುತ್ತದೆ. ಕೊನೆಗೆ ದೊಡ್ಡ ಲೆಕ್ಕ ಉಳಿಯುವುದು ಆರಂಭದಲ್ಲಿ ಬಚಾವಾದವರದ್ದು ಮಾತ್ರ. ಸ್ಪ್ಲಿಟ್-ಹಾಫ್ ಕೂಡ ಆ ಉಳಿದವರನ್ನಷ್ಟೇ ನೋಡುತ್ತದೆ, ಕೈಬಿಟ್ಟವರ ಬಗ್ಗೆ ಏನನ್ನೂ ಹೇಳಲಾರದು.

ಹಾಗಾಗಿ ಆಯ್ಕೆ ಸಮಿತಿ ಒಂದು ಸರಾಸರಿ ತೋರಿಸಿದರೆ ಕೇಳಬೇಕಾದ ಪ್ರಶ್ನೆ ಎರಡು. ಇದು ಎಷ್ಟು ಇನಿಂಗ್ಸ್‌ನದ್ದು? ಆ ಇನಿಂಗ್ಸ್‌ಗಳನ್ನು ಬೆಸ-ಸಮ ಮಾಡಿದರೆ ಪಟ್ಟಿಯ ಮೊದಲ ಐದು ಹೆಸರು ಎರಡೂ ಕಡೆ ಅವೇ ಇರುತ್ತವಾ?