ನೋಟಿಸ್ ಅವಧಿ: ಹೊಸ ಕೆಲಸಕ್ಕೆ ಹಾಜರಾಗಲು ಕಾಲಾವಕಾಶ ಕೋರುವ ಪತ್ರ ಹೇಗಿರಬೇಕು?

ಬಳ್ಳಾರಿ: ಹೊಸ ಸಂಸ್ಥೆ ಕೆಲಸಕ್ಕೆ ಆಯ್ಕೆ ಮಾಡಿದೆ, ಆದರೆ ಈಗಿರುವ ಸಂಸ್ಥೆ ನೋಟಿಸ್ ಅವಧಿ ಮುಗಿಯದೆ ಬಿಡುಗಡೆ ಮಾಡುವುದಿಲ್ಲ. ಇಂಥ ಇಕ್ಕಟ್ಟಿನಲ್ಲಿ ಅಭ್ಯರ್ಥಿಯು ಹೊಸ ಸಂಸ್ಥೆಗೆ ಬರೆಯುವ ಒಂದು ಪುಟದ ಪತ್ರದ ಮೇಲೆ ಎರಡೂ ಕೆಲಸಗಳು ನಿಂತಿರುತ್ತವೆ. ಪತ್ರ ತಡವಾದರೆ ಹೊಸ ಕೆಲಸ ಕೈತಪ್ಪಬಹುದು. ಉತ್ತರ ಬರುವ ಮೊದಲೇ ರಾಜೀನಾಮೆ ಕೊಟ್ಟರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ಸ್ಥಿತಿ ಒದಗಬಹುದು.

ನೋಟಿಸ್ ಅವಧಿ ಎಂಬುದು ರಾಜೀನಾಮೆ ಸಲ್ಲಿಸಿದ ದಿನದಿಂದ ಬಿಡುಗಡೆಯ ದಿನದವರೆಗಿನ ಕಾಲ. ಖಾಸಗಿ ಸಂಸ್ಥೆಗಳಲ್ಲಿ ಇದು ಸಾಮಾನ್ಯವಾಗಿ 30, 60 ಅಥವಾ 90 ದಿನ ಇರುತ್ತದೆ. ಎಷ್ಟೆಂಬುದನ್ನು ಹಳೆಯ ಸಂಸ್ಥೆ ನೀಡಿದ್ದ ನೇಮಕಾತಿ ಪತ್ರದಲ್ಲೇ ನೋಡಬೇಕು. ಸಹೋದ್ಯೋಗಿಗಳು ಹೇಳಿದ ಲೆಕ್ಕವನ್ನು ನಂಬುವಂತಿಲ್ಲ. ಪ್ರೊಬೇಷನ್ ಅವಧಿಯಲ್ಲಿ ಒಂದು ಲೆಕ್ಕ, ಸೇವೆ ಖಾಯಂ ಆದ ಮೇಲೆ ಮತ್ತೊಂದು ಲೆಕ್ಕ ಇರುವುದು ವಾಡಿಕೆ.

ಷರತ್ತು ಮುರಿದರೆ ಏನಾಗುತ್ತದೆ ಎಂಬುದೂ ತಿಳಿದಿರಬೇಕು. ಕೆಲಸ ಮಾಡಲು ಒಲ್ಲದವನನ್ನು ಬಲವಂತವಾಗಿ ದುಡಿಸುವಂತೆ ನ್ಯಾಯಾಲಯ ಆದೇಶಿಸುವುದಿಲ್ಲ. ಆದರೆ ಒಪ್ಪಂದದಲ್ಲಿ ಹೇಳಿದ್ದರೆ, ಬಾಕಿ ದಿನಗಳ ವೇತನವನ್ನು ಸಂಸ್ಥೆಯು ಅಂತಿಮ ಲೆಕ್ಕದಲ್ಲಿ ಹಿಡಿದುಕೊಳ್ಳಬಹುದು. ಬಿಡುಗಡೆ ಪತ್ರ ಸಿಗುವುದೂ ಕಷ್ಟವಾಗುತ್ತದೆ. ಹೊಸ ಸಂಸ್ಥೆ ಮೊದಲ ದಿನವೇ ಕೇಳುವುದು ಅದೇ ಪತ್ರವನ್ನು. ಎರಡೂ ಕಡೆ ಒಂದೇ ಅವಧಿಯಲ್ಲಿ ಸೇವೆಯಲ್ಲಿದ್ದರೆ ಭವಿಷ್ಯ ನಿಧಿ ಖಾತೆಯ ಸೇವಾ ವಿವರದಲ್ಲಿ ದಿನಾಂಕಗಳು ಒಂದರ ಮೇಲೊಂದು ಬಂದು ಗುಟ್ಟು ರಟ್ಟಾಗುತ್ತದೆ.

ಒಂದು ಉದಾಹರಣೆ

ನಗರದ ಜೀನ್ಸ್ ಉಡುಪು ಘಟಕವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಬ್ರೂಸ್‌ಪೇಟೆಯ ಯುವತಿಯೊಬ್ಬರು ಬೆಂಗಳೂರಿನ ಕಂಪನಿಗೆ ಆಯ್ಕೆಯಾದರೆಂದು ಇಟ್ಟುಕೊಳ್ಳೋಣ. ಆಯ್ಕೆ ಪತ್ರ ಜೂನ್ 1ರಂದು ಕೈಸೇರುತ್ತದೆ. ಜುಲೈ 1ರಂದು ಹಾಜರಾಗಬೇಕೆಂದು ಅದರಲ್ಲಿದೆ. ಈಗಿನ ಕೆಲಸದ ನೋಟಿಸ್ ಅವಧಿ 60 ದಿನ.

ಆಕೆ ಮೊದಲು ಮಾಡಬೇಕಾದುದು ರಾಜೀನಾಮೆಯಲ್ಲ, ಲೆಕ್ಕ. ಕಂಪನಿಯ ಉತ್ತರಕ್ಕೆ ಎರಡು ದಿನ ಬೇಕಾಗಿ, ಜೂನ್ 4ರಂದು ರಾಜೀನಾಮೆ ಸಲ್ಲಿಸಿದರೆ 5ರಿಂದ ಎಣಿಕೆ ಆರಂಭ. ಜೂನ್‌ನಲ್ಲಿ 26 ದಿನ, ಜುಲೈಯಲ್ಲಿ 31 ದಿನ, ಆಗಸ್ಟ್‌ನಲ್ಲಿ 3 ದಿನ ಸೇರಿ 60. ಅಂದರೆ ಆಗಸ್ಟ್ 3 ಕೊನೆಯ ದಿನ. ಊರು ಬದಲಿಸಲು ಒಂದು ದಿನ ಬಿಟ್ಟರೆ ಆಗಸ್ಟ್ 5ಕ್ಕೆ ಹಾಜರಾಗಬಹುದು. ಒಪ್ಪಂದದಲ್ಲಿ ಬೇರೆ ರೀತಿ ಹೇಳದಿದ್ದರೆ ರಜಾದಿನ, ಭಾನುವಾರಗಳೂ ಈ ಎಣಿಕೆಗೆ ಸೇರುತ್ತವೆ.

ಆಕೆಯ ಖಾತೆಯಲ್ಲಿ 10 ದಿನಗಳ ಗಳಿಕೆ ರಜೆ ಉಳಿದಿದೆ. ಅದನ್ನು ನೋಟಿಸ್ ಅವಧಿಗೆ ಹೊಂದಿಸಿಕೊಂಡರೆ ಜುಲೈ 24ಕ್ಕೇ ಬಿಡುಗಡೆ ದೊರೆಯಬಹುದು. ಬಹುತೇಕರು ಎಡವುವುದು ಇಲ್ಲಿಯೇ. ರಜೆ ಹೊಂದಾಣಿಕೆ ಹಳೆಯ ಸಂಸ್ಥೆಯ ಒಪ್ಪಿಗೆಗೆ ಬಿಟ್ಟದ್ದು. ಅದು ಕೈಗೆ ಬರುವ ಮೊದಲೇ ಜುಲೈ 27ಕ್ಕೆ ಬರುತ್ತೇನೆಂದು ಮಾತು ಕೊಟ್ಟು, ಮತ್ತೆ ಮುಂದೂಡಲು ಬರೆಯಬೇಕಾಗುತ್ತದೆ. ಮೊದಲ ಕೋರಿಕೆಯನ್ನು ಮಾನವ ಸಂಪನ್ಮೂಲ ವಿಭಾಗದವರು ಸಹಜವೆಂದು ಒಪ್ಪುತ್ತಾರೆ. ಎರಡನೆಯದು ಬಂದರೆ ಅಭ್ಯರ್ಥಿ ಬೇರೆಡೆ ಚೌಕಾಸಿ ನಡೆಸುತ್ತಿರಬಹುದೆಂಬ ಅನುಮಾನ ಮೂಡುತ್ತದೆ. ಆದ್ದರಿಂದ ಪತ್ರದಲ್ಲಿ ಕೇಳಬೇಕಾದುದು ಅತಿ ತಡದ ದಿನಾಂಕವನ್ನೇ. ಬೇಗ ಬಿಡುಗಡೆಯಾದರೆ ಬೇಗ ಬರುವೆನೆಂದು ಸೇರಿಸಿದರೆ ಸಾಕು.

ಪತ್ರದ ಮಾದರಿ

ದಿನಾಂಕ: ಜೂನ್ 2
ಸ್ಥಳ: ಬಳ್ಳಾರಿ

ಇಂದ,
(ಹೆಸರು, ವಿಳಾಸ, ದೂರವಾಣಿ)

ಗೆ,
ವ್ಯವಸ್ಥಾಪಕರು, ಮಾನವ ಸಂಪನ್ಮೂಲ ವಿಭಾಗ,
(ಸಂಸ್ಥೆಯ ಹೆಸರು), ಬೆಂಗಳೂರು

ಮಾನ್ಯರೇ,

ವಿಷಯ: ಕೆಲಸಕ್ಕೆ ಹಾಜರಾಗುವ ದಿನಾಂಕವನ್ನು ಆಗಸ್ಟ್ 5ಕ್ಕೆ ಮುಂದೂಡುವಂತೆ ಕೋರಿಕೆ.
ಉಲ್ಲೇಖ: ತಮ್ಮ ಆಯ್ಕೆ ಪತ್ರ ಸಂಖ್ಯೆ (…), ದಿನಾಂಕ ಜೂನ್ 1.

ಉಲ್ಲೇಖಿತ ಪತ್ರದ ಮೂಲಕ ನನ್ನನ್ನು ಲೆಕ್ಕಪತ್ರ ಸಹಾಯಕಿಯ ಹುದ್ದೆಗೆ ಆಯ್ಕೆ ಮಾಡಿರುವುದಕ್ಕೆ ಕೃತಜ್ಞಳಾಗಿದ್ದೇನೆ. ಅದರಲ್ಲಿನ ಷರತ್ತುಗಳನ್ನು ಒಪ್ಪಿ ಈ ನೇಮಕವನ್ನು ಸ್ವೀಕರಿಸಿದ್ದೇನೆ.

ಜುಲೈ 1ರಂದು ಹಾಜರಾಗಲು ಸೂಚಿಸಿದ್ದೀರಿ. ಆದರೆ ನನ್ನ ಈಗಿನ ನೇಮಕಾತಿ ಪತ್ರದ ಪ್ರಕಾರ 60 ದಿನಗಳ ನೋಟಿಸ್ ನೀಡಬೇಕಾಗಿದೆ. ಸಂಬಂಧಿಸಿದ ಪುಟದ ಪ್ರತಿಯನ್ನು ಲಗತ್ತಿಸಿದ್ದೇನೆ. ಜೂನ್ 4ರಂದು ರಾಜೀನಾಮೆ ಸಲ್ಲಿಸಿದಲ್ಲಿ ಆಗಸ್ಟ್ 3ಕ್ಕೆ ನೋಟಿಸ್ ಅವಧಿ ಮುಗಿಯುತ್ತದೆ. ಆದಕಾರಣ ಆಗಸ್ಟ್ 5ರಂದು ಹಾಜರಾಗಲು ಅನುಮತಿ ನೀಡಬೇಕೆಂದು ಕೋರುತ್ತೇನೆ. ರಜೆ ಹೊಂದಾಣಿಕೆಯಿಂದ ಮೊದಲೇ ಬಿಡುಗಡೆಯಾದಲ್ಲಿ ತಮಗೆ ತಿಳಿಸಿ, ಅದಕ್ಕೂ ಮುನ್ನವೇ ಹಾಜರಾಗುತ್ತೇನೆ.

ಪರಿಷ್ಕೃತ ದಿನಾಂಕವನ್ನು ಜೂನ್ 4ರೊಳಗೆ ಲಿಖಿತವಾಗಿ ತಿಳಿಸಿದರೆ ಅಂದೇ ರಾಜೀನಾಮೆ ಸಲ್ಲಿಸಲು ಅನುಕೂಲವಾಗುತ್ತದೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ)

ಈ ಪತ್ರದಲ್ಲಿ ಸ್ವೀಕಾರದ ಮಾತು ಮೊದಲು ಬಂದಿದೆ, ಕೋರಿಕೆ ಆಮೇಲೆ. ಕ್ರಮ ತಿರುಗಿದರೆ, ಕಾಲಾವಕಾಶ ಸಿಕ್ಕರೆ ಮಾತ್ರ ಬರುವೆನೆಂಬ ಷರತ್ತಿನಂತೆ ಓದಿಕೊಳ್ಳುವ ಅಪಾಯವಿದೆ. ‘ಸ್ವಲ್ಪ ಸಮಯ ಬೇಕು’ ಎಂಬ ಮಾತಿನ ಬದಲು ದಿನಾಂಕವಿದೆ, ಅದಕ್ಕೆ ಆಧಾರವೂ ಇದೆ. ಮನೆಯ ಸಮಸ್ಯೆ, ಮದುವೆ, ಬಾಡಿಗೆ ಮನೆ ಎಂದು ಕಾರಣಗಳನ್ನು ಪೋಣಿಸಿದರೆ ದಾಖಲೆಯಿರುವ ಒಂದು ಕಾರಣವೂ ದುರ್ಬಲವಾಗುತ್ತದೆ. ಲಗತ್ತಿಸುವ ಪುಟದಲ್ಲಿ ವೇತನದ ವಿವರವಿದ್ದರೆ ಅದನ್ನು ಮುಚ್ಚಿ ಪ್ರತಿ ತೆಗೆಯುವುದು ಒಳಿತು.

ಉತ್ತರ ಬಂದ ಮೇಲೆ

ದೂರವಾಣಿಯಲ್ಲಿ ‘ಆಗಲಿ ಬನ್ನಿ’ ಎಂದರೆ ಸಾಲದು. ಹೊಸ ದಿನಾಂಕ ಇ-ಮೇಲ್ ಅಥವಾ ಪರಿಷ್ಕೃತ ಪತ್ರದ ರೂಪದಲ್ಲಿ ಕೈಗೆ ಬರಬೇಕು. ಜುಲೈ 1ರೊಳಗೆ ಬಾರದಿದ್ದರೆ ನೇಮಕ ರದ್ದಾಗುತ್ತದೆಂಬ ಸಾಲು ಮೂಲ ಪತ್ರದಲ್ಲಿದ್ದರೆ, ಬಾಯಿಮಾತು ಅದನ್ನು ಅಳಿಸಲಾರದು. ಉತ್ತರ ಎರಡು ದಿನ ತಡವಾದರೆ ರಾಜೀನಾಮೆಯೂ, ಅದರೊಡನೆ ಇಡೀ ಲೆಕ್ಕವೂ ಎರಡು ದಿನ ಮುಂದೆ ಸರಿಯುತ್ತದೆ ಎಂಬುದನ್ನು ಕೂಡಲೇ ನೆನಪಿಸಬೇಕು.

ಸಂಸ್ಥೆಯು ಅಷ್ಟು ದಿನ ಕಾಯಲಾಗದೆಂದರೆ ಉಳಿಯುವ ದಾರಿ ಬಾಕಿ ದಿನಗಳ ವೇತನವನ್ನು ಹಳೆಯ ಸಂಸ್ಥೆಗೆ ಕಟ್ಟಿ ಬಿಡುಗಡೆ ಪಡೆಯುವುದು. ಇದಕ್ಕೂ ಹಳೆಯ ಸಂಸ್ಥೆಯ ಒಪ್ಪಂದದಲ್ಲಿ ಅವಕಾಶವಿರಬೇಕು. ಈ ಹಣವನ್ನು ಭರಿಸುವಂತೆ ಹೊಸ ಸಂಸ್ಥೆಯನ್ನು ಕೇಳಬಹುದು. ಕೆಲವು ಸಂಸ್ಥೆಗಳು ಭರಿಸುತ್ತವೆ. ಹೀಗೆ ವಸೂಲಾಗುವ ನೋಟಿಸ್ ವೇತನಕ್ಕೆ ಜಿಎಸ್‌ಟಿ ಅನ್ವಯಿಸದೆಂದು ಕೇಂದ್ರವು 2022ರ ಆಗಸ್ಟ್‌ನಲ್ಲಿ ಸುತ್ತೋಲೆ ಮೂಲಕ ಸ್ಪಷ್ಟಪಡಿಸಿದೆ.

ಸರ್ಕಾರಿ ಹುದ್ದೆಗೆ ಲೆಕ್ಕ ಬೇರೆ

ಖಾಸಗಿ ಕೆಲಸದಲ್ಲಿದ್ದು ಸರ್ಕಾರಿ ಹುದ್ದೆಗೆ ಆಯ್ಕೆಯಾದವರಿಗೆ ಇಷ್ಟು ಸಡಿಲಿಕೆ ಇರುವುದಿಲ್ಲ. 1977ರ ಕರ್ನಾಟಕ ನಾಗರಿಕ ಸೇವಾ (ಸಾಮಾನ್ಯ ನೇಮಕಾತಿ) ನಿಯಮಗಳ ಪ್ರಕಾರ ನೇರ ನೇಮಕಾತಿಯ ಅಭ್ಯರ್ಥಿ ಆದೇಶ ತಲುಪಿದ 15 ದಿನಗಳೊಳಗೆ ವರದಿ ಮಾಡಿಕೊಳ್ಳಬೇಕು. ಸಕಾರಣವಿದ್ದು ಅರ್ಜಿ ಸಲ್ಲಿಸಿದರೆ ನೇಮಕಾತಿ ಪ್ರಾಧಿಕಾರವು ಲಿಖಿತ ಆದೇಶದ ಮೂಲಕ ಸೀಮಿತ ಕಾಲಾವಕಾಶ ನೀಡಬಹುದು. ಅದೂ ಮೀರಿದರೆ ಆಯ್ಕೆ ಪಟ್ಟಿಯಿಂದ ಹೆಸರೇ ಅಳಿಸಿಹೋಗುತ್ತದೆ. ಕೇಂದ್ರ ಸರ್ಕಾರದ ಹುದ್ದೆಗಳಲ್ಲಿ ಅವಕಾಶ ತುಸು ಹೆಚ್ಚು. ಆದರೂ ಮೂಲ ಆಹ್ವಾನ ಪತ್ರದ ದಿನಾಂಕದಿಂದ ಆರು ತಿಂಗಳು ಕಳೆದರೆ ಅದು ತಾನಾಗಿಯೇ ಅಸಿಂಧು.

ಇಂಥವರು 60 ದಿನ ಕೇಳಿ ಕಾಯುತ್ತ ಕೂರುವಂತಿಲ್ಲ. ನೋಟಿಸ್ ವೇತನ ಕಟ್ಟಿಯಾದರೂ ಗಡುವಿನೊಳಗೆ ವರದಿ ಮಾಡಿಕೊಳ್ಳುವುದೇ ಸುರಕ್ಷಿತ. ಕಾಲಾವಕಾಶದ ಅರ್ಜಿಯನ್ನು ಗಡುವು ಮುಗಿಯುವ ಮೊದಲೇ ಕಚೇರಿಗೆ ಸಲ್ಲಿಸಿ, ದಿನಾಂಕ ಮತ್ತು ಮೊಹರಿನೊಂದಿಗೆ ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು.