ಮಕ್ಕಳಲ್ಲಿ ಥೈರಾಯ್ಡ್ ಕೊರತೆ

ಕತ್ತಿನ ಮುಂಭಾಗದ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಸ್ರವಿಸದ ಸ್ಥಿತಿ. ಶಾಲಾ ವಯಸ್ಸಿನಲ್ಲಿ ಇದಕ್ಕೆ ಸಾಮಾನ್ಯ ಕಾರಣ, ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ಎರಗುವ ಹಾಶಿಮೊಟೊ ಕಾಯಿಲೆ. ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ಇದನ್ನು ವಿವರಿಸಿದರು.

ಮೊದಲ ಸುಳಿವು ಹೆಚ್ಚಾಗಿ ಎತ್ತರದ್ದೇ. ವರ್ಷಕ್ಕೆ 5–6 ಸೆಂ.ಮೀ. ಬೆಳೆಯಬೇಕಾದ ಎಂಟರ ಹುಡುಗಿ 2–3 ಸೆಂ.ಮೀ. ಮಾತ್ರ ಬೆಳೆದು, ತೂಕ ಮಾತ್ರ ಏರುತ್ತಿದೆ ಎಂದುಕೊಳ್ಳಿ. ಹಳೆಯ ಬಟ್ಟೆ ಇನ್ನೂ ಸರಿಹೋಗುತ್ತದೆ. ಚಳಿ ತಡೆಯದು, ಮಲಬದ್ಧತೆ, ತರಗತಿಯಲ್ಲಿ ಮಂಕು. ಗಲಾಟೆ ಮಾಡದ ಮಗುವೆಂದು ಶಿಕ್ಷಕರು ಮೆಚ್ಚುವುದರಿಂದ ರೋಗ ವರ್ಷಗಟ್ಟಲೆ ಅಡಗಿರುವುದೂ ಉಂಟು. ಕೈಯ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು ಹಿಂದೆ ಬಿದ್ದಿರುತ್ತದೆ. ಪ್ರೌಢಾವಸ್ಥೆಯೂ ಸಾಮಾನ್ಯವಾಗಿ ತಡವಾಗುತ್ತದೆ. ಅಪರೂಪಕ್ಕೆ, ತೀವ್ರ ಕೊರತೆಯಲ್ಲಿ, ವಿಚಿತ್ರವೆಂಬಂತೆ ಬೇಗನೆ ಬರುತ್ತದೆ.

ರಕ್ತದಲ್ಲಿ ಟಿಎಸ್‌ಎಚ್ ಏರಿ ಫ್ರೀ ಟಿ4 ಇಳಿದಿದ್ದರೆ ರೋಗ ಖಚಿತ. ತೂಕಕ್ಕೆ ತಕ್ಕ ಲೆವೊಥೈರಾಕ್ಸಿನ್ ಮಾತ್ರೆಯನ್ನು ದಿನಾ ಖಾಲಿ ಹೊಟ್ಟೆಯಲ್ಲಿ ಕೊಡಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಅದರ ಹೀರಿಕೆಗೆ ಅಡ್ಡಿಯಾಗುವುದರಿಂದ ಸುಮಾರು 4 ಗಂಟೆ ಅಂತರ ಬೇಕು. 6–8 ವಾರಗಳ ಬಳಿಕ ಮರುಪರೀಕ್ಷೆ.

ಚಿಕಿತ್ಸೆ ಶುರುವಾದ ಮೇಲೆ ಮಗು ಚುರುಕಾಗಿ, ಕೆಲಕಾಲ ಚಡಪಡಿಸಿ, ಅಂಕ ತುಸು ಇಳಿದರೆ ಗಾಬರಿ ಬೇಡ. ಮೂರು ವರ್ಷದ ನಂತರ ಬಂದ ಕೊರತೆಯಿಂದ ಬುದ್ಧಿಶಕ್ತಿಗೆ ಸಾಮಾನ್ಯವಾಗಿ ಶಾಶ್ವತ ಹಾನಿಯಿಲ್ಲ. ಎತ್ತರದ ಮಾತು ಬೇರೆ: ಪ್ರೌಢಾವಸ್ಥೆಯ ಹೊಸ್ತಿಲಲ್ಲಿ ಚಿಕಿತ್ಸೆ ಆರಂಭವಾದರೆ ಕಳೆದುಕೊಂಡದ್ದು ಪೂರ್ತಿ ಮರಳದೇ ಇರಬಹುದು.